ಎಪ್ಪತ್ತೆಂಟು ಪುಟಕ್ಕೆ ಒಂದು ಪುಟ

ಶಿರೂರಿಗೆ ವರ್ಗವಾಯಿತೆಂದು ಊರಿಗೆ ಕಾಗದ ಬರೆದಾಗ ನಮ್ಮ ಸೋದರಮಾವನವರು ಬಹಳ ಸಂತೋಷಪಟ್ಟರು. ಉಡುಪಿಯ ಅಷ್ಟಮಠಗಳಲ್ಲಿ ಒಂದು ಶಿರೂರು ಮಠ. ಬೈಂದೂರಿನ ಹತ್ತಿರ ಒಂದು ಶಿರೂರು. ಅಂಕೋಲೆಯ ಕಡೆ ಇನ್ನೊಂದು. ಇವುಗಳಲ್ಲಿ ಯಾವುದಾದರೇನು, ಹುಡುಗ ಮನೆಯ ಹತ್ತಿರ ಬಂದನಲ್ಲ ಎಂಬುದು ಅವರ ಎಣಿಕೆ. ನಮಗೆ ಬಂದದ್ದು ಪುಣೆ ಜಿಲ್ಲೆಯ ಶಿರೂರು. ಪುಣೆಯಿಂದ ನಗರದ ರಸ್ತೆಯಲ್ಲಿ ರಾಂಜಣಗಾಂವದ ಮಹಾಗಣಪತಿಯನ್ನು ದಾಟಿ ಮುಂದಕ್ಕೆ ಹೋದರೆ ಘೋಡ್ ನದಿಯ ದಂಡೆಯ ಮೇಲೆ ಸಿಗುವ ತಾಲ್ಲೂಕು ಊರು. ಹಳಬರು ಇದನ್ನು ಈಗಲೂ ಘೋಡ್‌ನದಿ ಎಂದೇ ಕರೆಯುತ್ತಾರೆ. ಹೊಳೆ ದಾಟಿದರೆ ಜಿಲ್ಲೆಯೇ ಬದಲಾಗುತ್ತದೆ.

ಬ್ಯಾಂಕಿನ ನೌಕರಿ ಹಿಡಿದು ಮಹಾರಾಷ್ಟ್ರಕ್ಕೆ ಬಂದ ಕನ್ನಡಿಗರ ಮನೆಗಳು ನಮ್ಮ ಸಂಘದಲ್ಲಿ ಅನೇಕ ಇವೆ. ಅವರಿಗೆಲ್ಲ ಪರಿಚಯವಿರುವ ಒಂದು ಸಂಕಟವನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ. ಶಾಖೆಗೆ ಆಡಿಟ್ ಆಗಿದೆ. ವರದಿ ಬಂದಿದೆ. ಅದು ದಪ್ಪವಾಗಿದೆ. ನಾಳೆ ಬೆಳಿಗ್ಗೆ ಪ್ರಾದೇಶಿಕ ಕಛೇರಿಯಲ್ಲಿ ಪರಿಶೀಲನಾ ಸಭೆ. ಮ್ಯಾನೇಜರ್ ಸಾಹೇಬರು ಸಂಜೆ ಐದೂವರೆಗೆ ನಮ್ಮ ಮೇಜಿನ ಹತ್ತಿರ ನಿಂತು, “ಇದರ ಸಾರಾಂಶ ಒಂದು ಪುಟದಲ್ಲಿ ಬರೆದುಕೊಡಿ” ಎನ್ನುತ್ತಾರೆ. ಕೇಳುವುದಕ್ಕೆ ಸಣ್ಣ ಕೆಲಸ. ಮಾಡಲು ಕುಳಿತಾಗ ಅದರ ಆಳ ತಿಳಿಯುತ್ತದೆ.

ನಾವು ಹೇಳಹೊರಟಿರುವುದು 2022ರ ನವೆಂಬರ್ 21, ಸೋಮವಾರ ಸಂಜೆಯ ಸಂಗತಿ. ಬ್ಯಾಂಕಿನ ಹೆಸರು ಇಲ್ಲಿ ಬೇಡ, ಗಿರಾಕಿಗಳ ಹೆಸರಂತೂ ಬೇಡವೇ ಬೇಡ. ನಾವು ಆಗ ಶಾಖೆಯ ಎರಡನೆಯ ಅಧಿಕಾರಿ. ಮ್ಯಾನೇಜರು ಮರಾಠವಾಡದ ಕಡೆಯವರು, ಅಕ್ಟೋಬರಿನಲ್ಲಷ್ಟೇ ವರ್ಗವಾಗಿ ಬಂದವರು. ಶಾಖೆಯ ಖಾತೆಗಳ ಪರಿಚಯ ಅವರಿಗೆ ಇನ್ನೂ ಪೂರ್ತಿ ಆಗಿರಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ಹೊರಟು, ವಾಘೋಲಿಯ ವಾಹನಗಳ ಜಾತ್ರೆಯನ್ನು ಹಾದು, ಹತ್ತು ಗಂಟೆಗೆ ಅವರು ಸಭೆಯಲ್ಲಿರಬೇಕು. ನಾವು ಬರೆದದ್ದನ್ನು ಅವರು ಓದುವುದು ಕಾರಿನಲ್ಲಿ, ಒಮ್ಮೆ, ಹೆಚ್ಚೆಂದರೆ ಎರಡು ಸಲ. ಬರೆಯುವ ಮುಂಚೆ ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಹಗುರಾಗುತ್ತದೆ.

ವರದಿಯಲ್ಲಿ 78 ಪುಟ, 61 ಆಕ್ಷೇಪಣೆಗಳು. ಆಡಿಟರು ತಮ್ಮ ನಮೂನೆಯ ಕ್ರಮದಲ್ಲೇ ಬರೆಯಬೇಕು: ಮೊದಲು ಆದಾಯದ ಸೋರಿಕೆ, ಆಮೇಲೆ ನಗದು, ಠೇವಣಿ, ಗಿರಾಕಿಯ ಗುರುತಿನ ಕಾಗದಗಳು, ಸಾಲಗಳು, ಸಾಲದ ದಸ್ತಾವೇಜುಗಳು, ಕೊನೆಗೆ ಇತರ ವಿಷಯಗಳು. ಅದು ಅವರ ತಪ್ಪಲ್ಲ. ಯಾವ ಮೂಲೆಯೂ ಬಿಟ್ಟುಹೋಗಬಾರದೆಂದು ಮಾಡಿದ ಕ್ರಮ ಅದು. ಆದರೆ ಆ ಕ್ರಮದಲ್ಲೇ ಸಾರಾಂಶ ಮಾಡಿದರೆ ಏನಾಗುತ್ತದೆ ನೋಡಿ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು “ಆದಾಯ ಸೋರಿಕೆ ರೂ. 1,84,000”. ಸಾಲ ಮಂಜೂರಿಯ ಶುಲ್ಕ, ಪರಿವೀಕ್ಷಣೆಯ ಶುಲ್ಕ ಹೀಗೆ ಕೆಲವು ಖಾತೆಗಳಿಗೆ ಹಾಕದೆ ಬಿಟ್ಟುಹೋದ ಹಣ ಅದು. ಅದರಲ್ಲಿ 1,41,000 ರೂಪಾಯಿ ಆಡಿಟರು ಶಾಖೆಯಲ್ಲಿ ಇದ್ದಾಗಲೇ ವಸೂಲಾಗಿತ್ತು. ಉಳಿದದ್ದು 43,000. ಇದನ್ನು ಟಿಪ್ಪಣಿಯ ನೆತ್ತಿಯ ಮೇಲೆ ಕೂರಿಸಿದರೆ ಮ್ಯಾನೇಜರು ದಾರಿಯುದ್ದಕ್ಕೂ ಮುಗಿದುಹೋದ ವಿಷಯದ ಬಗ್ಗೆಯೇ ಚಿಂತಿಸುತ್ತಾ ಹೋಗುತ್ತಾರೆ.

ಆದ್ದರಿಂದ ನಾವು ಮಾಡುವ ಮೊದಲ ಕೆಲಸ ವರದಿಯನ್ನು ಮೂರು ಗುಂಪಾಗಿ ಒಡೆಯುವುದು. ಬಣ್ಣದ ಪೆನ್ಸಿಲ್ ಸಾಕು. ಆಡಿಟರು ಇರುವಾಗಲೇ ಸರಿಹೋದವು ಒಂದು ಗುಂಪು; ಇಲ್ಲಿ ಅವು 40 ಇದ್ದುವು. ಉಳಿದ 21ರಲ್ಲಿ, ಸಮಯ ಕೊಟ್ಟರೆ ಶಾಖೆಯೇ ಸರಿಪಡಿಸಬಹುದಾದವು ಎರಡನೆಯ ಗುಂಪು: ನವೀಕರಿಸಬೇಕಾದ ವಿಮೆ, ಸಹಿ ಬಿಟ್ಟುಹೋದ ಕಾಗದ, ಹಳೆಯ ಪಡಿತರ ಚೀಟಿಯ ಪ್ರತಿ ಇತ್ಯಾದಿ. ಮೂರನೆಯ ಗುಂಪಿಗೆ ಹೋಗುವುವು ಮೇಲಿನವರು ಏನಾದರೂ ನಿರ್ಧರಿಸಬೇಕಾದವು, ಇಲ್ಲವೆ ಒಂದು ತಾರೀಖಿಗೆ ತಾವಾಗಿಯೇ ಕೆಡುವಂಥವು. 61ರಲ್ಲಿ ಈ ಮೂರನೆಯ ಗುಂಪಿಗೆ ಸೇರಿದ್ದು ಎರಡೇ ಎರಡು. ಒಂದು 57ನೆಯ ಪುಟದಲ್ಲಿ, ಇನ್ನೊಂದು 44ನೆಯ ಪುಟದಲ್ಲಿ. ಪುಟದ ಮುಕ್ಕಾಲು ಭಾಗ ಇವೆರಡಕ್ಕೇ ಸಲ್ಲಬೇಕು.

ನಮ್ಮ ಜೊತೆ ಆ ಸಂಜೆ ಧಾರವಾಡದ ಕಡೆಯ ಒಬ್ಬ ತರುಣ ಅಧಿಕಾರಿ ಕುಳಿತಿದ್ದ. ಅವನಿಗೆ ಆಶ್ಚರ್ಯ. “ಸರ, 57ನೇ ಪುಟದಾಗ ಎರಡ ಸಾಲ ಬರದಾರ, ಅದಕ್ಕ್ಯಾಕ ಇಷ್ಟ ಮಹತ್ವ ಕೊಡ್ತೀರಿ?” ಎಂದ. ಎರಡು ಸಾಲೆಂಬುದೇನೋ ನಿಜ. “ಪಶು ಆಹಾರ ಘಟಕದ ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ಡ್ರಾಯಿಂಗ್ ಪವರ್ ಲೆಕ್ಕ ಸರಿಯಿಲ್ಲ, ರೂ. 6.50 ಲಕ್ಷ ಹೆಚ್ಚು ಬಾಕಿ ಇದೆ.” ದಸ್ತಾವೇಜುಗಳ ಭಾಗದಲ್ಲಿ, ಒಂದು ಬಿಟ್ಟುಹೋದ ಸಹಿಗೂ ಒಂದು ಮುಗಿದುಹೋದ ವಿಮೆಗೂ ನಡುವೆ ಅದು ಕುಳಿತಿತ್ತು. ಓದುಗರಲ್ಲಿ ಬ್ಯಾಂಕಿನವರಲ್ಲದವರಿಗಾಗಿ ಈ ಡ್ರಾಯಿಂಗ್ ಪವರ್ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ವ್ಯಾಪಾರಿಗೋ ಸಣ್ಣ ಕಾರಖಾನೆಯವರಿಗೋ ಬ್ಯಾಂಕು ಒಂದು ಮಿತಿ ಹಾಕಿಕೊಡುತ್ತದೆ. ಈ ಘಟಕದ ಮಿತಿ 40 ಲಕ್ಷ. ಆದರೆ 40 ಲಕ್ಷವನ್ನು ಯಾವಾಗ ಬೇಕಾದರೂ ತೆಗೆಯುವ ಹಕ್ಕು ಅವರಿಗಿಲ್ಲ. ಗೋದಾಮಿನಲ್ಲಿ ಎಷ್ಟು ಮಾಲಿದೆ, ಬರಬೇಕಾದ ಹಣ ಎಷ್ಟಿದೆ ಎಂಬುದನ್ನು ಅವರು ಪ್ರತಿ ತಿಂಗಳೂ ಬರೆದುಕೊಡಬೇಕು. ಅದನ್ನು ಸ್ಟಾಕ್ ಸ್ಟೇಟ್‌ಮೆಂಟ್ ಎನ್ನುತ್ತೇವೆ. ಅದರಿಂದ ಲೆಕ್ಕ ಹಾಕಿದ ಮೊತ್ತ ಎಷ್ಟೋ ಅಷ್ಟೇ ಆ ತಿಂಗಳು ತೆಗೆಯಬಹುದು; ಅದೇ ಡ್ರಾಯಿಂಗ್ ಪವರ್.

ಆಗಸ್ಟ್ ಕೊನೆಯ ಸ್ಟೇಟ್‌ಮೆಂಟಿನಲ್ಲಿ ಮೆಕ್ಕೆಜೋಳ, ಹತ್ತಿಕಾಳಿನ ಹಿಂಡಿ, ತೌಡು ಎಲ್ಲ ಸೇರಿ ಮಾಲು 52 ಲಕ್ಷದ್ದಿತ್ತು. ಡೇರಿಗಳಿಂದ ಬರಬೇಕಾದ ಬಾಕಿ 20 ಲಕ್ಷ. ಶಾಖೆಯ ಲೆಕ್ಕದ ಹಾಳೆಯಲ್ಲಿ ಮಾಲಿಗೆ ನೂರಕ್ಕೆ 25 ಕಳೆದು 39 ಲಕ್ಷ, ಬಾಕಿಗೆ ನೂರಕ್ಕೆ 40 ಕಳೆದು 12 ಲಕ್ಷ, ಒಟ್ಟು 51 ಲಕ್ಷ ಎಂದು ಬರೆದಿತ್ತು. ಮಿತಿಯೇ 40 ಲಕ್ಷವಾದ್ದರಿಂದ ಡ್ರಾಯಿಂಗ್ ಪವರ್ 40 ಲಕ್ಷ ಎಂದು ಸೆಪ್ಟೆಂಬರ್ 8ರಂದು ಕಂಪ್ಯೂಟರಿಗೆ ಹೋಗಿತ್ತು. ಖಾತೆಯ ಬಾಕಿ 38 ಲಕ್ಷ. ಮೇಲ್ನೋಟಕ್ಕೆ ಎಲ್ಲವೂ ಕ್ಷೇಮ.

ಆಡಿಟರು ಅದೇ ಸ್ಟೇಟ್‌ಮೆಂಟಿನ ಎರಡನೆಯ ಮಗ್ಗುಲನ್ನು ಓದಿದರು. ಆ 52 ಲಕ್ಷದ ಮಾಲಿನಲ್ಲಿ 18 ಲಕ್ಷದ್ದಕ್ಕೆ ಘಟಕದವರು ಇನ್ನೂ ದುಡ್ಡು ಕೊಟ್ಟಿರಲಿಲ್ಲ. ಸಾಲಕ್ಕೆ ತಂದ ಮಾಲಿನ ಮೇಲೆ ಬ್ಯಾಂಕು ಮತ್ತೆ ಸಾಲ ಕೊಡುವ ಹಾಗಿಲ್ಲ. ಅದನ್ನು ಕಳೆದರೆ 34 ಲಕ್ಷ. ನೂರಕ್ಕೆ 25 ಬಿಟ್ಟರೆ 25.50 ಲಕ್ಷ. ಡೇರಿಗಳ ಬಾಕಿಯಲ್ಲಿ 10 ಲಕ್ಷ ತೊಂಬತ್ತು ದಿನ ಮೀರಿದ್ದು. ನಮ್ಮ ಮಂಜೂರಿ ಪತ್ರದ ಪ್ರಕಾರ ಅಷ್ಟು ಹಳೆಯದು ಲೆಕ್ಕಕ್ಕೆ ಬರುವುದಿಲ್ಲ. ಉಳಿದ 10 ಲಕ್ಷಕ್ಕೆ ನೂರಕ್ಕೆ 40 ಕಳೆದು 6 ಲಕ್ಷ. ಒಟ್ಟು 31.50 ಲಕ್ಷ. ಬಾಕಿ 38. ಹೆಚ್ಚಾದದ್ದು 6.50 ಲಕ್ಷ. ಶಾಖೆ ಬಳಸುತ್ತಿದ್ದ ಹಾಳೆಯಲ್ಲಿ ಈ ಎರಡು ಕಳೆಯುವಿಕೆಗೆ ಕಾಲಮ್ಮೇ ಇರಲಿಲ್ಲ.

ಇಲ್ಲಿಯವರೆಗೆ ಇದು ಲೆಕ್ಕದ ಮಾತು. ಇನ್ನು ತಾರೀಖಿನ ಮಾತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಕ್ಯಾಶ್ ಕ್ರೆಡಿಟ್ ಖಾತೆಯ ಬಾಕಿ ಸತತವಾಗಿ 90 ದಿನ ಡ್ರಾಯಿಂಗ್ ಪವರ್ ಮೀರಿಯೇ ಇದ್ದರೆ ಆ ಖಾತೆ ಎನ್.ಪಿ.ಎ., ಎಂದರೆ ಅನುತ್ಪಾದಕ ಸಾಲವಾಗುತ್ತದೆ. 2004ರ ಮಾರ್ಚಿನಿಂದ ಈ 90 ದಿನದ ಅಳತೆ ಜಾರಿಯಲ್ಲಿದೆ. ಕಂಪ್ಯೂಟರು ಪ್ರತಿ ದಿನದ ಕೊನೆಗೆ ಈ ದಿನಗಳನ್ನು ಎಣಿಸುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಎಣಿಸುತ್ತದೆ, ಆದರೆ ನಾವು ಕೊಟ್ಟ ಡ್ರಾಯಿಂಗ್ ಪವರಿಗೆ ಹೋಲಿಸಿ ಎಣಿಸುತ್ತದೆ. ಅದರ ಕಣ್ಣಿಗೆ 40ರ ಒಳಗೆ 38 ಇದೆ, ಆದ್ದರಿಂದ ಎಣಿಕೆ ಶುರುವೇ ಆಗಿಲ್ಲ. ಯಾವ ಪಟ್ಟಿಯಲ್ಲೂ ಈ ಖಾತೆಯ ಹೆಸರು ಕಾಣಿಸಿಕೊಂಡಿರಲಿಲ್ಲ.

ಹೆಚ್ಚು ಬಾಕಿ “ಇದೆ” ಎಂದಷ್ಟೇ ಆಡಿಟರು ಬರೆದಿದ್ದರು. ಯಾವ ದಿನದಿಂದ ಇದೆ ಎಂದು ಬರೆದಿರಲಿಲ್ಲ. ಸಾರಾಂಶ ಮಾಡುವವನು ವರದಿಯನ್ನು ಬಿಟ್ಟು ಮೂಲಕ್ಕೆ ಹೋಗಬೇಕಾದ ಜಾಗ ಇದು. ನಾವು ಸೆಪ್ಟೆಂಬರ್ 8ರಿಂದ ಲೆಡ್ಜರನ್ನು ಒಂದೊಂದು ದಿನವೂ ನೋಡಿದೆವು. ಅತಿ ಕಡಿಮೆ ಬಾಕಿ ಇದ್ದ ದಿನ 36.10 ಲಕ್ಷ. ಒಂದು ದಿನವೂ 31.50ಕ್ಕೆ ಇಳಿದಿಲ್ಲ. ಎಂದಮೇಲೆ ಸರಿಯಾದ ಎಣಿಕೆ ಸೆಪ್ಟೆಂಬರ್ 8ರಿಂದಲೇ ನಡೆಯುತ್ತಿದೆ. ಸಭೆಯ ದಿನಕ್ಕೆ 75 ದಿನ. ಡಿಸೆಂಬರ್ 7ಕ್ಕೆ 90. ಉಳಿದದ್ದು ಹದಿನೈದೇ ದಿನ.

ಹಾಗೆ ಆದರೆ ಏನು ಹೋಗುತ್ತದೆ? ಬ್ಯಾಂಕು ಮೊದಲ ಹೆಜ್ಜೆಗೆ ಬಾಕಿಯ ನೂರಕ್ಕೆ 15ರಷ್ಟನ್ನು, ಅಂದರೆ 5.70 ಲಕ್ಷವನ್ನು, ಲಾಭದಿಂದ ತೆಗೆದಿಡಬೇಕು. ಅದು ಬ್ಯಾಂಕಿನ ಮಾತಾಯಿತು. ಎನ್.ಪಿ.ಎ. ಖಾತೆಗೆ ಅಂಟುವುದಿಲ್ಲ, ಸಾಲಗಾರನಿಗೆ ಅಂಟುತ್ತದೆ. ಅವರ ಹೆಸರಿನಲ್ಲಿದ್ದ ಟೆಂಪೋದ ಸಾಲ ಕಂತು ತಪ್ಪದೆ ನಡೆಯುತ್ತಿತ್ತು. ಅದೂ ಅದೇ ದಿನ ಎನ್.ಪಿ.ಎ. ಆಗುತ್ತದೆ. ಆ ಘಟಕದಲ್ಲಿ ಹನ್ನೆರಡು ಮಂದಿ ಕೆಲಸ ಮಾಡುತ್ತಿದ್ದರು. 2021ರ ನವೆಂಬರಿನ ಸುತ್ತೋಲೆಯ ಮೇಲೆ, ಒಮ್ಮೆ ಎನ್.ಪಿ.ಎ. ಆದ ಖಾತೆ ಬಡ್ಡಿ ಅಸಲಿನ ಬಾಕಿಯೆಲ್ಲ ಪೂರ್ತಿ ತೀರಿದ ಹೊರತು ಮೇಲೆ ಬರುವ ಹಾಗಿಲ್ಲ. ಆದ್ದರಿಂದ ಈ ಹದಿನೈದು ದಿನಕ್ಕೆ ಅಷ್ಟು ಬೆಲೆ.

ಇನ್ನು 44ನೆಯ ಪುಟ. ಅಲ್ಲಿ ಇದಕ್ಕೆ ತಿರುಗುಮುರುಗಾದ ಪರಿಸ್ಥಿತಿ. “ಬೆಳೆಸಾಲ 23 ಖಾತೆ, ರೂ. 32.70 ಲಕ್ಷ, 90 ದಿನ ಮೀರಿದ ಬಾಕಿ, ಎನ್.ಪಿ.ಎ. ಎಂದು ಗುರುತಿಸತಕ್ಕದ್ದು” ಎಂದು ದೊಡ್ಡ ಚೌಕದಲ್ಲಿ ಬರೆದಿದ್ದರು. ಓದಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಬೆಳೆಸಾಲಕ್ಕೆ 90 ದಿನದ ನಿಯಮವೇ ಅಲ್ಲ. ಸಣ್ಣ ಅವಧಿಯ ಬೆಳೆಯಾದರೆ ಎರಡು ಬೆಳೆಹಂಗಾಮು, ಒಂದು ವರ್ಷಕ್ಕಿಂತ ಹೆಚ್ಚಿನ ಬೆಳೆಯಾದರೆ ಒಂದು ಬೆಳೆಹಂಗಾಮು ಬಾಕಿ ನಿಂತ ಮೇಲೆ ಅದು ಎನ್.ಪಿ.ಎ. ಯಾವ ಬೆಳೆಯ ಹಂಗಾಮು ಎಷ್ಟು ತಿಂಗಳು ಎಂಬುದನ್ನು ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿ ಗೊತ್ತುಮಾಡುತ್ತದೆ. ಆಡಿಟರು ಕಂಪ್ಯೂಟರಿನಿಂದ “90 ದಿನ ಮೀರಿದವು” ಎಂಬ ಒಂದು ಪಟ್ಟಿ ತೆಗೆದು, ಅದರಲ್ಲಿ ಬಂದದ್ದನ್ನೆಲ್ಲ ಬರೆದಿದ್ದರು.

ಇಪ್ಪತ್ತಮೂರು ಕಡತಗಳನ್ನೂ ನಾವಿಬ್ಬರು ಮೇಜಿನ ಮೇಲೆ ಹರಡಿ ಬೆಳೆಯ ಹೆಸರು ಬರೆದುಕೊಂಡೆವು. ಒಂಬತ್ತು ಭೀಮೆಯ ಬದಿಯ ಮಾಂಡವಗಣ, ನ್ಹಾವರೆಯ ಕಡೆಯವು, ಅಡಸಾಲಿ ಕಬ್ಬು. ಕಬ್ಬಿನ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಮಳೆಗಾಲದ ನಡುವೆ ಜುಲೈ ಆಗಸ್ಟಿನಲ್ಲಿ ನೆಟ್ಟ ಅಡಸಾಲಿ ಕಟಾವಿಗೆ ಬರುವುದು ಹದಿನಾರು ಹದಿನೆಂಟು ತಿಂಗಳಿಗೆ. 2021ರ ಆಗಸ್ಟಿನಲ್ಲಿ ಕೊಟ್ಟ ಸಾಲಕ್ಕೆ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಹನ್ನೆರಡು ತಿಂಗಳ ಗಡುವು ಹಾಕಿ, 2022ರ ಜುಲೈ 31ಕ್ಕೆ ತೀರಬೇಕು ಎಂದು ಬರೆದುಕೊಂಡಿತ್ತು. ಅಕ್ಟೋಬರ್ 29ಕ್ಕೆ 90 ದಿನ ಮುಗಿಯಿತು. ಆಗ ಆ ಕಬ್ಬು ಹೊಲದಲ್ಲೇ ನಿಂತಿತ್ತು. ನಮ್ಮ ತರುಣ ಮಿತ್ರ ಹೇಳಿದ: “ಕಬ್ಬ ಇನ್ನೂ ಕಡದss ಇಲ್ಲ, ರೈತ ರೊಕ್ಕ ಎಲ್ಲಿಂದ ತರಬೇಕ್ರಿ?” ಮಾತು ಅಷ್ಟೇ. ಈ ಒಂಬತ್ತು ಖಾತೆ, 16.20 ಲಕ್ಷ, ಬಾಕಿಯೇ ಅಲ್ಲ, ಗಡುವನ್ನು ತಿದ್ದಬೇಕು.

ಇನ್ನು ಎಂಟು ಖಾತೆ, 9.10 ಲಕ್ಷ, ಈರುಳ್ಳಿ ಮತ್ತು ಸಜ್ಜೆಗೆ ಕೊಟ್ಟದ್ದು. ಇವು ಬಾಕಿ ನಿಂತಿರುವುದು ನಿಜ. ಎರಡು ಹಂಗಾಮು ಆಗಿಲ್ಲ. ಕೊನೆಯ ಆರು ಖಾತೆ, 7.40 ಲಕ್ಷ. ಇವು ಎರಡು ಹಂಗಾಮನ್ನೂ ದಾಟಿದ್ದುವು. ಇಲ್ಲಿ ಆಡಿಟರು ಹೇಳಿದ ಕಾರಣ ಸರಿಯಲ್ಲದಿದ್ದರೂ ಹೇಳಿದ ಫಲ ಸರಿ. ಈ ಆರನ್ನು ಎನ್.ಪಿ.ಎ. ಎಂದು ಒಪ್ಪಲೇಬೇಕು.

ಟಿಪ್ಪಣಿ ಬರೆಯುವವನಿಗೆ ಆಸೆ ಹುಟ್ಟುವುದು ಇಂಥಲ್ಲಿಯೇ. ಹದಿನೇಳು ಖಾತೆಗಳಲ್ಲಿ ನಾವು ಗೆದ್ದಿದ್ದೇವೆ. “ಆಡಿಟರ ಆಕ್ಷೇಪಣೆ ಸರಿಯಲ್ಲ” ಎಂದು ಒಂದೇ ಮಾತಿನಲ್ಲಿ ಬರೆದು ಆರನ್ನು ಅದರ ನೆರಳಿನಲ್ಲಿ ಅಡಗಿಸಬಹುದು. ಆದರೆ ನಾಳೆ ಸಭೆಯಲ್ಲಿ ಯಾರಾದರೂ ಒಂದು ಖಾತೆಯನ್ನು ಹೆಸರಿಸಿ ಕೇಳಿದರೆ, ಮತ್ತು ಅದು ಆ ಆರರಲ್ಲಿ ಒಂದಾಗಿದ್ದರೆ, ಮ್ಯಾನೇಜರು ಹೇಳುವ ಉಳಿದ ಹದಿನೇಳರ ಮಾತನ್ನೂ ಯಾರೂ ನಂಬುವುದಿಲ್ಲ. ಒಂಬತ್ತು ಕಬ್ಬಿನ ರೈತರು ಆ ಆರರ ಜೊತೆಗೇ ಮುಳುಗುತ್ತಾರೆ. ಒಮ್ಮೆ ಎನ್.ಪಿ.ಎ. ಎಂದು ಹೆಸರು ಬಿದ್ದರೆ ಮುಂದಿನ ನಾಟಿಗೆ ಅವರಿಗೆ ಸಾಲ ಹುಟ್ಟುವುದು ಕಷ್ಟ. ಆದ್ದರಿಂದ ಆರನ್ನು ಒಪ್ಪಿಕೊಳ್ಳುವುದೇ ಒಂಬತ್ತನ್ನು ಉಳಿಸುವ ದಾರಿ. 23ನ್ನು ಯಾವಾಗಲೂ 9, 8, 6 ಎಂದು ಒಡೆದೇ ಬರೆಯಬೇಕು.

ಬಿಟ್ಟದ್ದೇನು ಎಂಬುದನ್ನೂ ಹೇಳಬೇಕಲ್ಲ. ವರದಿಯ ಮೊತ್ತಗಳನ್ನು ಕೂಡಿಸಿ ಒಂದು ದೊಡ್ಡ ಅಂಕಿ ಮಾಡುವ ಅಭ್ಯಾಸ ಕೆಲವರಿಗಿದೆ. ನಾವು ಅದನ್ನು ಮಾಡಲಿಲ್ಲ. ಒಂದೇ ಖಾತೆ ವಿಮೆಯ ಕೆಳಗೂ ಬರುತ್ತದೆ, ನವೀಕರಣದ ಕೆಳಗೂ ಬರುತ್ತದೆ, ಕೂಡಿಸಿದರೆ ಅದೇ ಹಣ ಎರಡು ಸಲ ಎಣಿಕೆಯಾಗುತ್ತದೆ. ಗುರುತಿನ ಕಾಗದಗಳ ವಿಷಯದಲ್ಲಿ ಆಡಿಟರು 50 ಠೇವಣಿ ಖಾತೆಗಳನ್ನು ನೋಡಿ ನಾಲ್ಕರಲ್ಲಿ ಕೊರತೆ ಕಂಡಿದ್ದರು. “ನೂರಕ್ಕೆ ಎಂಟು” ಎಂದು ಬರೆದರೆ ಇಡೀ ಶಾಖೆಯಲ್ಲಿ ಹಾಗೆ ಎಂಬ ಅರ್ಥ ಬರುತ್ತದೆ. ಆ ಐವತ್ತನ್ನು ಅವರು ಅಪಾಯ ಹೆಚ್ಚೆಂದು ಆರಿಸಿಕೊಂಡು ತೆಗೆದದ್ದು. ಆದ್ದರಿಂದ “ನೋಡಿದ 50ರಲ್ಲಿ 4” ಎಂದಷ್ಟೇ ಬರೆಯುವುದು ನ್ಯಾಯ. ಡ್ರಾಯಿಂಗ್ ಪವರಿನ ಹಾಳೆಯನ್ನು ಯಾರು ತುಂಬಿದರು ಎಂಬುದನ್ನೂ ಬರೆಯಲಿಲ್ಲ. ಅದು ಬೇರೆ ದಿನದ, ಬೇರೆ ಕಾಗದದ ವಿಷಯ. ನಾಳಿನ ಸಭೆಗೆ ಬೇಕಾದದ್ದು ಹಾಳೆಯನ್ನು ಬದಲಾಯಿಸುವ ಮಾತು.

ರಾತ್ರಿ ಎಂಟರ ಹೊತ್ತಿಗೆ ಕರಡು ಸಿದ್ಧವಾಯಿತು. ಖಾತೆಯ ಮಾಹಿತಿಯಾದ್ದರಿಂದ ಮನೆಗೆ ಒಯ್ದು ಓದಿಸುವಂತಿಲ್ಲ. ಪಶು ಆಹಾರದ ಭಾಗವನ್ನು ನೋಡಿಯೇ ಇರದ ನಗದು ವಿಭಾಗದ ಹಿರಿಯರೊಬ್ಬರು ಕೀಲಿಕೈ ಕೊಡಲು ಬಂದಿದ್ದರು. ಅವರ ಕೈಗೆ ಕೊಟ್ಟೆವು. ಅವರು ಓದಿ ಒಂದೇ ಪ್ರಶ್ನೆ ಕೇಳಿದರು: “ಹೇ ಪಾರ್ಟಿ ವ್ಯಾಜ್ ಭರತೋಯ ಕಾ?” ಈ ಪಾರ್ಟಿ ಬಡ್ಡಿ ಕಟ್ಟುತ್ತಿದ್ದಾನೆಯೆ? ನಾಳೆ ಸಭೆಯಲ್ಲೂ ಮೊದಲು ಬರುವ ಪ್ರಶ್ನೆ ಇದೇ ಎಂದು ನಮಗೆ ಹೊಳೆಯಿತು. ಒಂದು ವಾಕ್ಯ ಸೇರಿತು. ವಿಷಯ ಗೊತ್ತಿಲ್ಲದವರೊಬ್ಬರಿಗೆ ಓದಿಸುವುದರ ಲಾಭ ಇದು.

ಇಂಗ್ಲಿಷಿನಲ್ಲಿ ಬರೆದ ಆ ಟಿಪ್ಪಣಿಯನ್ನು ಕನ್ನಡಕ್ಕೆ ಇಳಿಸಿದರೆ ಹೀಗಿರುತ್ತದೆ:

“ಶಾಖಾ ವ್ಯವಸ್ಥಾಪಕರಿಗೆ. 22-11-2022ರ ಪರಿಶೀಲನಾ ಸಭೆಗಾಗಿ.

ವರದಿ 78 ಪುಟ. ಶಾಖೆಗೆ ‘ಮಧ್ಯಮ ಅಪಾಯ’ ಎಂಬ ದರ್ಜೆ. 61 ಆಕ್ಷೇಪಣೆಗಳಲ್ಲಿ 40 ಸರಿಪಡಿಸಲಾಗಿದೆ, 21 ಬಾಕಿ. ಎರಡಕ್ಕೆ ನಾಳೆ ನಿರ್ಧಾರ ಬೇಕು.

ಒಂದು. ಪಶು ಆಹಾರ ಘಟಕ, ಪುಟ 57. ಸರಿಯಾದ ಡ್ರಾಯಿಂಗ್ ಪವರ್ 31.50 ಲಕ್ಷ, ಬಾಕಿ 38 ಲಕ್ಷ, ಹೆಚ್ಚು 6.50 ಲಕ್ಷ. ಲೆಕ್ಕವನ್ನು ನಾವು ಪರಿಶೀಲಿಸಿದ್ದೇವೆ. ಆಡಿಟರು ಹೇಳಿದ್ದು ಸರಿ. ಸೆಪ್ಟೆಂಬರ್ 8ರಿಂದ ಸತತವಾಗಿ ಹೆಚ್ಚಿದೆ. ಡಿಸೆಂಬರ್ 7ಕ್ಕೆ 90 ದಿನ. ಆ ದಿನ ಖಾತೆ ಎನ್.ಪಿ.ಎ. ಕಂಪ್ಯೂಟರು ಇದನ್ನು ತೋರಿಸುವುದಿಲ್ಲ. ಬಡ್ಡಿ ಇಂದಿನವರೆಗೆ ಪಾವತಿಯಾಗಿದೆ, ಘಟಕ ನಡೆಯುತ್ತಿದೆ. ಡೇರಿಗಳಿಂದ ಹಳೆಯ ಬಾಕಿ 10 ಲಕ್ಷ ಬರಬೇಕಿದೆ. ಬೇಕಾದ ನಿರ್ಧಾರ: ಸರಿಯಾದ ಡ್ರಾಯಿಂಗ್ ಪವರನ್ನು ಕೂಡಲೆ ದಾಖಲಿಸಲು, ಹೊಸ ಹಣ ಬಿಡುವುದನ್ನು ನಿಲ್ಲಿಸಲು, ಈ ವಾರವೇ ಗೋದಾಮು ಪರಿವೀಕ್ಷಿಸಲು ಅನುಮತಿ.

ಎರಡು. ಬೆಳೆಸಾಲ, ಪುಟ 44. 23 ಖಾತೆ, 32.70 ಲಕ್ಷ. 6 ಖಾತೆ, 7.40 ಲಕ್ಷ: ಎನ್.ಪಿ.ಎ., ಒಪ್ಪುತ್ತೇವೆ. 8 ಖಾತೆ, 9.10 ಲಕ್ಷ: ಬಾಕಿ, ಎರಡು ಹಂಗಾಮು ಆಗಿಲ್ಲ. 9 ಖಾತೆ, 16.20 ಲಕ್ಷ: ಅಡಸಾಲಿ ಕಬ್ಬು, ಕಟಾವಾಗಿಲ್ಲ, ಗಡುವು ತಪ್ಪಾಗಿ ದಾಖಲಾಗಿದೆ. ಬೇಕಾದ ನಿರ್ಧಾರ: 9ರ ಗಡುವು ತಿದ್ದಲು ಅನುಮತಿ. ಖಾತೆವಾರು ಪಟ್ಟಿ ಹಿಂದೆ ಇದೆ.

ಕೇಳಬಹುದಾದದ್ದು. ಆದಾಯ ಸೋರಿಕೆ 1,84,000ದಲ್ಲಿ 1,41,000 ವಸೂಲಾಗಿದೆ. ಗುರುತಿನ ಕಾಗದ: ನೋಡಿದ 50ರಲ್ಲಿ 4 ಕೊರತೆ, ಈ ತಿಂಗಳೊಳಗೆ ಪೂರೈಸುತ್ತೇವೆ. ಉಳಿದ ಆಕ್ಷೇಪಣೆಗಳು ದಸ್ತಾವೇಜಿಗೆ ಸಂಬಂಧಿಸಿದವು, ಶಾಖೆಯೇ ಸರಿಪಡಿಸಬಹುದು.”

ಇಷ್ಟೇ. ಎಣಿಸಿ ನೋಡಿದರೆ 78 ಪುಟದಲ್ಲಿ ನಾಲ್ಕೈದು ಪುಟದ ವಿಷಯ ಮಾತ್ರ ಇಲ್ಲಿದೆ. ಲೆಡ್ಜರಿನಿಂದ ತೆಗೆದ ತಾರೀಖೂ ಕಡತದಿಂದ ತೆಗೆದ ಬೆಳೆಯ ಹೆಸರೂ ವರದಿಯಲ್ಲಿ ಇರಲೇ ಇಲ್ಲ. ವಾಕ್ಯಗಳನ್ನು ಕತ್ತರಿಸಿ ಅಂಟಿಸಿದ್ದರೆ ಇವೆರಡೂ ಸಿಗುತ್ತಿರಲಿಲ್ಲ.

ಕರಡಿನ ಹೊತ್ತಿಗೆ ಒಂದು ಚರ್ಚೆ ನಡೆದದ್ದನ್ನೂ ಬರೆದುಬಿಡುತ್ತೇವೆ. ತರುಣ ಮಿತ್ರ ಕೇಳಿದ: “ಸರ, ಡಿಸೆಂಬರ್ 6ಕ್ಕ ಯಾರ ಹತ್ರರ ಕೈಗಡ ತಂದು ಒಂದ ದಿನಾ ಏಳ ಲಕ್ಷ ತುಂಬಿ, ಮರುದಿನಾ ತಗದರ? ಎಣಿಕಿ ಮುರೀತದಲ್ಲ?” ಕಂಪ್ಯೂಟರಿನ ಎಣಿಕೆ ಮುರಿಯುತ್ತದೆ, ಸಾಲದ ಸ್ಥಿತಿ ಬದಲಾಗುವುದಿಲ್ಲ. ಒಂದೆರಡು ಜಮೆ ತೋರಿಸಿ ಖಾತೆಯನ್ನು ನೇರಮಾಡುವುದನ್ನು ರಿಸರ್ವ್ ಬ್ಯಾಂಕಿನ ನಿಯಮ ಒಪ್ಪುವುದಿಲ್ಲ. ಬಂದ ಹಣ ಮರುದಿನವೇ ಹೋದದ್ದು ಲೆಡ್ಜರಿನಲ್ಲಿ ಪಕ್ಕಪಕ್ಕದಲ್ಲೇ ಕಾಣುತ್ತದೆ. ಮಾರ್ಚಿನಲ್ಲಿ ಬರುವ ಲೆಕ್ಕಪರಿಶೋಧಕರು ಹುಡುಕುವುದೇ ಅದನ್ನು. ಮೇಲಾಗಿ ಆ ಘಟಕದವರ ತೊಂದರೆ ಇದ್ದದ್ದು ಡೇರಿಗಳಲ್ಲಿ ಸಿಕ್ಕಿಹಾಕಿಕೊಂಡ ಹಳೆಯ ದುಡ್ಡಿನಲ್ಲಿ. ಆ 10 ಲಕ್ಷ ಡ್ರಾಯಿಂಗ್ ಪವರಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಅದರಲ್ಲಿ ಎಷ್ಟು ವಸೂಲಾಗಿ ಖಾತೆಗೆ ಬಂದರೂ ಬಾಕಿ ಅಷ್ಟು ಇಳಿಯುತ್ತದೆ, ಡ್ರಾಯಿಂಗ್ ಪವರ್ ಒಂದು ಪೈಸೆಯೂ ಇಳಿಯುವುದಿಲ್ಲ. ನಿಜವಾದ ಮದ್ದು ಅಲ್ಲೇ ಇತ್ತು. ಅದಕ್ಕೇ ಆ ವಾಕ್ಯ ಟಿಪ್ಪಣಿಯಲ್ಲಿ ಉಳಿಯಿತು.

ಸಭೆಯಲ್ಲಿ ಮ್ಯಾನೇಜರು ಹತ್ತು ನಿಮಿಷಕ್ಕಿಂತ ಹೆಚ್ಚು ಮಾತಾಡಬೇಕಾಗಲಿಲ್ಲವಂತೆ. ಮೂರೂ ಅನುಮತಿ ಸಿಕ್ಕವು. ಕಬ್ಬಿನ ಒಂಬತ್ತು ಖಾತೆಗಳ ಹೊಲದ ಪಹಣಿಯನ್ನು ಕಳುಹಿಸಬೇಕೆಂಬ ಷರತ್ತಿನ ಮೇಲೆ ಆ ಗಡುವನ್ನೂ ತಿದ್ದಲು ಒಪ್ಪಿದರು. ಆರು ಖಾತೆ ಅದೇ ದಿನ ಎನ್.ಪಿ.ಎ. ಆದುವು. ಪಶು ಆಹಾರದವರನ್ನು ಮರುದಿನವೇ ಕರೆಸಿ ಲೆಕ್ಕದ ಹಾಳೆಯನ್ನು ಅವರ ಮುಂದಿಟ್ಟೆವು. ಮೊದಲು ಸಿಟ್ಟಾದರು. “ಬಡ್ಡಿ ಒಂದು ದಿನ ತಪ್ಪಿಸಿಲ್ಲ ಸಾಹೇಬ್, ನನ್ನ ಖಾತೆ ಹೇಗೆ ಕೆಡುತ್ತದೆ?” ಎಂದರು. ತಾರೀಖನ್ನು ತೋರಿಸಿದ ಮೇಲೆ ಸುಮ್ಮನಾದರು. ಮುಂದಿನ ಎಂಟು ದಿನ ತಾವೇ ಡೇರಿಗಳ ಬಾಗಿಲು ಕಾದು, ಡಿಸೆಂಬರ್ 2ರ ಹೊತ್ತಿಗೆ ಏಳು ಲಕ್ಷದಷ್ಟು ಹಳೆಯ ಬಾಕಿ ತಂದು ಕಟ್ಟಿದರು. ಬಾಕಿ 31 ಲಕ್ಷಕ್ಕೆ ಇಳಿಯಿತು. ಗೋದಾಮು ನೋಡಿ ಬಂದ ಮೇಲೆ ಹೊಸ ಸ್ಟೇಟ್‌ಮೆಂಟಿನ ಡ್ರಾಯಿಂಗ್ ಪವರ್ 32 ಲಕ್ಷದ ಆಸುಪಾಸಿನಲ್ಲಿ ನಿಂತಿತು. ಉಳಿದ ಮೂರು ಲಕ್ಷ ಹಳೆಯ ಬಾಕಿ ಅವರಿಗೆ ಬಂದಿತೋ ಇಲ್ಲವೋ, ನಾವು ವರ್ಗವಾಗುವ ತನಕ ಬಂದಿರಲಿಲ್ಲ.

ಶಾಖೆಯ ಲೆಕ್ಕದ ಹಾಳೆಗೆ ಈಗ ಎರಡು ಕಾಲಮ್ಮು ಹೆಚ್ಚಾಗಿದೆ: “ಹಣ ಕೊಡದ ಮಾಲು” ಮತ್ತು “ತೊಂಬತ್ತು ದಿನ ಮೀರಿದ ಬಾಕಿ”. ಬೆಳೆಸಾಲದ ಕಡತದ ರಕ್ಷಾಪುಟದ ಮೇಲೆ ಬೆಳೆಯ ಹೆಸರನ್ನೂ ನಾಟಿಯ ತಿಂಗಳನ್ನೂ ಕೆಂಪು ಶಾಯಿಯಲ್ಲಿ ಬರೆಯುವ ವಾಡಿಕೆಯನ್ನು ನಮ್ಮ ಧಾರವಾಡದ ಮಿತ್ರ ಹಾಕಿಕೊಟ್ಟ. ಮುಂದಿನ ಆಡಿಟರು ಬಂದಾಗ ಅದನ್ನು ನೋಡಿ, ಕಬ್ಬಿನವನ್ನು ತಾವೇ ಬೇರೆ ಎತ್ತಿಟ್ಟರಂತೆ.